ಸಂಗೀತದ ಅರ್ಥ ಎಲ್ಲಿದೆ: ರೂಪದಲ್ಲೋ, ಭಾವದಲ್ಲೋ?

ಸಂಗೀತದ ಅರ್ಥ ಸ್ವರಗಳ ರೂಪದಲ್ಲಿದೆ ಎನ್ನುತ್ತದೆ ರೂಪವಾದ, ಅದು ತೋರಿಸುವ ಭಾವದಲ್ಲಿದೆ ಎನ್ನುತ್ತದೆ ಭಾವವಾದ. ಈ ಎರಡು ವಾದಗಳಲ್ಲಿ ಯಾವುದನ್ನು ಹಿಡಿಯಬೇಕು ಎಂದು ಯೋಚಿಸುತ್ತಿದ್ದರೆ, ಸಂಗೀತ ರಚನಕಾರ ಗ್ಲುಕ್‌ನ 1762ರ ಒಪೆರಾ ‘ಓರ್ಫೆಯೊ’ದ ಒಂದು ಹಾಡಿನಲ್ಲಿ ಎರಡನ್ನೂ ಪರೀಕ್ಷಿಸಿ ನೋಡಿ. ಹೆಂಡತಿಯನ್ನು ಮತ್ತೆ ಕಳೆದುಕೊಂಡ ಓರ್ಫೆಯೊ ಅಳುತ್ತಾ ಹಾಡುತ್ತಾನೆ. ಆದರೆ ಹಾಡಿರುವುದು ಸಾಮಾನ್ಯವಾಗಿ ಸಂತೋಷದ್ದೆಂದು ಕೇಳಿಸುವ ಮೇಜರ್ ಸ್ವರಶ್ರೇಣಿಯಲ್ಲಿ!

ರೂಪವಾದಿ ಸಂಗೀತ ವಿಮರ್ಶಕ ಹಾನ್ಸ್‌ಲಿಕ್ 1854ರಲ್ಲಿ ಈ ಹಾಡನ್ನೇ ಎತ್ತಿ ತೋರಿಸಿದ. ‘ಕಳೆದುಕೊಂಡೆ’ ಎನ್ನುವ ಕಡೆ ‘ಸಿಕ್ಕಳು’ ಎಂದು ಹಾಕಿದರೂ ರಾಗ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಅಂದಮೇಲೆ ದುಃಖ ಇದ್ದದ್ದು ಮಾತಿನಲ್ಲಿ, ಅಲ್ವಾ? ದುಃಖಕ್ಕೆ ‘ಏನೋ ಹೋಯಿತು’ ಎಂಬ ಯೋಚನೆ ಬೇಕು. ಬರೀ ಸ್ವರ ಅದನ್ನು ಹೇಳಲಾರದು. ಏರಿಳಿತ, ವೇಗ, ಬಿಗಿ, ಸಡಿಲ ಇಷ್ಟನ್ನೇ ತೋರಿಸಬಲ್ಲದು. ಆದ್ದರಿಂದ ಅವನ ಪ್ರಕಾರ ಸಂಗೀತದ ಅರ್ಥ ಎಂದರೆ ಸ್ವರಗಳು ಚಲಿಸುವ ರೂಪ.

ಭಾವವಾದಿಯಾದವನು ಗ್ಲುಕ್‌ನ ಮಾತನ್ನೇ ಮುಂದಿಡಬಹುದು. ಈ ಹಾಡಿನ ಅಭಿವ್ಯಕ್ತಿಯನ್ನು ಚೂರು ಬದಲಿಸಿದರೂ ಅದು ಬೊಂಬೆಗಳ ಕುಣಿತವಾಗುತ್ತದೆ ಎಂದು ಗ್ಲುಕ್ 1770ರಲ್ಲಿ ಬರೆದಿದ್ದ. ಅಂದರೆ ಭಾವ ಇರುವುದು ಸ್ವರಗಳ ಸಾಲಿನಲ್ಲಷ್ಟೇ ಅಲ್ಲ, ನಡೆ ಮತ್ತು ದನಿಯಲ್ಲೂ ಇದೆ. ಬಾಗಿದ ಬೆನ್ನು, ನಿಧಾನದ ಹೆಜ್ಜೆ ನೋಡಿದರೆ ಕಾರಣ ಗೊತ್ತಿಲ್ಲದೆಯೂ ದುಃಖ ಕಾಣುತ್ತದಲ್ಲ, ಹಾಗೆ.

ನನಗೆ ಹಾನ್ಸ್‌ಲಿಕ್‌ನ ವಾದ ಅರ್ಧ ಮಾತ್ರ ಗೆದ್ದಂತೆ ಕಾಣುತ್ತದೆ. ಯಾವುದರ ಬಗ್ಗೆ ದುಃಖ ಎಂದು ಸಂಗೀತ ಹೇಳಲಾರದು, ನಿಜ. ಹಾಗಂತ ದುಃಖದ ಚಹರೆಯೇ ಇರಲಾರದು ಎನ್ನಲಾಗದು. ಒಂದು ಕೃತಿಯ ಕಟ್ಟಡ ಬಿಡಿಸಿ ನೋಡಬೇಕೆಂದರೆ ರೂಪವಾದ ಜಾಸ್ತಿ ಕೆಲಸಕ್ಕೆ ಬರುತ್ತದೆ. ಒಂದೇ ಹಾಡು ಇಬ್ಬರ ಗಂಟಲಲ್ಲಿ ಯಾಕೆ ಬೇರೆ ಬೇರೆ ಎನ್ನುವುದಕ್ಕೆ ಭಾವವಾದವನ್ನೇ ಕೇಳಿ.