ಮುಗಿದ ಮನೆಯ ಕೇಸ್ ಸ್ಟಡಿ ಬರೆಸುವ ಸೇವೆ: ಎರಡು ವರ್ಷ ಬಳಸಿದ ಮೇಲೆ ನನ್ನ ವಿಮರ್ಶೆ

ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಇಂಟೀರಿಯರ್ ಡಿಸೈನ್ ಸಂಸ್ಥೆ ಇದೆ. ಮುಗಿದ ಕೆಲಸಗಳ ಬಗ್ಗೆ ಕೇಸ್ ಸ್ಟಡಿ ಬರೆದುಕೊಡುವ ಒಬ್ಬರ ಸೇವೆಯನ್ನು ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇವೆ. ಅವರು ನಮ್ಮೂರಿನವರೇ, ಸ್ವತಂತ್ರವಾಗಿ ಬರೆಯುವವರು. ಐದಕ್ಕೆ ನಾಲ್ಕು ಅಂಕ ಕೊಡ್ತೀನಿ. ಆ ಒಂದು ಅಂಕ ಯಾಕೆ ಹೋಯ್ತು ಅಂತ ಮುಂದೆ ಹೇಳಿದ್ದೀನಿ.

ಇವರಿಗಿಂತ ಮೊದಲು ಬೇರೆ ಊರಿನ ಒಂದು ಏಜೆನ್ಸಿಯಿಂದ ಬರೆಸಿದ್ದೆವು. ಅವರು ಸೈಟಿಗೆ ಬರಲೇ ಇಲ್ಲ. ಫೋಟೊ ತರಿಸಿಕೊಂಡು 'ಆಧುನಿಕ ಸ್ಪರ್ಶ', 'ಕನಸಿನ ಅಡುಗೆಮನೆ' ಅಂತೆಲ್ಲ ಬರೆದು ಕಳಿಸಿದರು. ಅದನ್ನು ಯಾವ ಸಂಸ್ಥೆಯ ಹೆಸರಿನ ಕೆಳಗೆ ಹಾಕಿದರೂ ನಡೆಯುತ್ತಿತ್ತು. ಅದನ್ನು ಓದಿ ಫೋನ್ ಮಾಡಿದವರು ಕೇಳಿದ್ದು ಒಂದೇ ಪ್ರಶ್ನೆ: ಚದರ ಅಡಿಗೆ ಎಷ್ಟು ರೀ?

ಈಗಿನವರ ಕೆಲಸ ಹೇಗಿರುತ್ತೆ ಅನ್ನೋದಕ್ಕೆ ಪಿ.ಜೆ. ಬಡಾವಣೆಯ ಒಂದು ಹಳೇ ಮನೆಯ ಅಡುಗೆಮನೆಯ ಉದಾಹರಣೆ ಕೊಡ್ತೀನಿ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಕೋಣೆ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಅಡುಗೆ ಮಾಡ್ತಾರೆ. ಅತ್ತೆ ದಿನಾ ಜೋಳದ ರೊಟ್ಟಿ ತಟ್ಟುವವರು, ಎತ್ತರ ನಾಲ್ಕು ಅಡಿ ಹತ್ತು ಇಂಚು. ಸೊಸೆ ಐದೂವರೆ ಅಡಿ. ಹಳೇ ಕಟ್ಟೆ 34 ಇಂಚು ಎತ್ತರ ಇತ್ತು.

ನಾವು ಕೊಟ್ಟ ಟಿಪ್ಪಣಿಯಲ್ಲಿ ಲ್ಯಾಮಿನೇಟ್ ಬಣ್ಣ, ಸಾಫ್ಟ್ ಕ್ಲೋಸ್ ಡ್ರಾಯರ್, ಪ್ರೊಫೈಲ್ ಲೈಟ್ ಇವೇ ಮುಂದೆ ಇದ್ದವು. ಬರಹಗಾರ್ತಿ ಅದನ್ನು ಪಕ್ಕಕ್ಕಿಟ್ಟು, "ಇದಕ್ಕೂ ಮುಂಚೆ ಆ ಮನೆಯವರಿಗೆ ಏನು ತೊಂದರೆ ಇತ್ತು? ನೀವು ಏನೇನು ಯೋಚಿಸಿ ಬಿಟ್ಟಿರಿ?" ಅಂತ ಕೇಳಿದರು. ನನ್ನ ಪ್ರಕಾರ ಕೇಸ್ ಸ್ಟಡಿಯ ಜೀವ ಇರೋದು ಈ ಎರಡನೇ ಪ್ರಶ್ನೆಯಲ್ಲಿ.

ರೊಟ್ಟಿ ತಟ್ಟುವಾಗ ಭುಜದ ಬಲ ಮೇಲಿನಿಂದ ಕೆಳಕ್ಕೆ ಬೀಳಬೇಕು. ಅದಕ್ಕೆ ಕಟ್ಟೆ ಮೊಣಕೈಗಿಂತ ಆರೇಳು ಇಂಚು ಕೆಳಗಿರಬೇಕು. 34 ಇಂಚಿನ ಕಟ್ಟೆ ಆ ಅತ್ತೆಯವರ ಮೊಣಕೈ ಹತ್ತಿರಕ್ಕೇ ಬರುತ್ತಿತ್ತು. ತಟ್ಟಲು ಭುಜ ಎತ್ತಬೇಕಿತ್ತು, ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಲು ಇನ್ನೂ ಮೇಲಕ್ಕೆತ್ತಬೇಕಿತ್ತು. ಇಡೀ ಕಟ್ಟೆಯನ್ನು 30 ಇಂಚಿಗೆ ಇಳಿಸೋಣ ಅಂದುಕೊಂಡೆವು. ಆಗ ಸೊಸೆ ಬಗ್ಗಿ ನಿಂತು ಅಡುಗೆ ಮಾಡಬೇಕಾಗುತ್ತೆ, ಸೊಂಟ ಹಿಡಿಯುತ್ತೆ. ಚಕ್ರದ ಮೇಜು ಇಡೋಣ ಅಂದರೆ ತಟ್ಟುವ ಹೊಡೆತಕ್ಕೆ ಅದು ಅಲ್ಲಾಡುತ್ತೆ. ಕೊನೆಗೆ ಒಂದು ಮೂಲೆಯಲ್ಲಿ ನಾಲ್ಕು ಅಡಿ ಉದ್ದಕ್ಕೆ ಮಾತ್ರ ಕಟ್ಟೆಯನ್ನು 30 ಇಂಚಿಗೆ ಇಳಿಸಿ, ಅಲ್ಲೇ ಎರಡು ಬರ್ನರ್ ಒಲೆ ಇಟ್ಟು, ಪಕ್ಕದಲ್ಲಿ ತಟ್ಟಲು ಗ್ರಾನೈಟ್ ಜಾಗ ಬಿಟ್ಟೆವು. ಉಳಿದ ಕಟ್ಟೆ ಮತ್ತು ಸೊಸೆಯ ಒಲೆ 34 ಇಂಚಿನಲ್ಲೇ ಉಳಿದವು. ಇಳಿಸಿದ ಕಡೆ ಕೆಳಗೆ ಮೂರು ಡ್ರಾಯರ್ ಬದಲು ಎರಡೇ ಕೂತವು. ಕಳೆದುಕೊಂಡ ಆ ಡ್ರಾಯರ್ ಬಗ್ಗೆಯೂ ಅವರು ಬರೆದರು. ನನ್ನ ಪಾಲುದಾರರಿಗೆ ಅದು ಇಷ್ಟವಾಗಲಿಲ್ಲ. ನನಗೆ ತುಂಬಾ ಇಷ್ಟವಾಯ್ತು. ಏನು ಬಿಟ್ಟೆವು ಅಂತ ಹೇಳಿದಾಗಲೇ ಏನು ಪಡೆದೆವು ಅನ್ನೋದನ್ನೂ ಓದುವವರು ನಂಬೋದು, ಅಲ್ವಾ?

ಮನೆಯವರ ಮಾತು ತೆಗೆದುಕೊಳ್ಳುವ ಅವರ ರೀತಿಯೂ ಚೆನ್ನಾಗಿದೆ. ಕೆಲಸ ಮುಗಿದ ವಾರ ಹೋಗಲ್ಲ. ಆಗ ಎಲ್ಲರೂ "ಚೆನ್ನಾಗೈತಿ" ಅಂತಾರೆ ಅಷ್ಟೇ. ನಾಲ್ಕೈದು ತಿಂಗಳು ಬಿಟ್ಟು ಹೋಗ್ತಾರೆ. "ಹೇಗಿದೆ?" ಅಂತ ಕೇಳದೆ "ಬೆಳಿಗ್ಗೆ ಎದ್ದು ಅಡುಗೆಮನೇಲಿ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ ಅಮ್ಮ" ಅಂತಾರೆ. ಹಾಗೆ ಸಿಕ್ಕ ಮಾತು ಇದು: "ಮೊದ್ಲು ನಾಕು ರೊಟ್ಟಿ ತಟ್ಟಿ ಕೂತ್ಕೋಬೇಕಾಗಿತ್ರಿ. ಈಗ ಮನಿಮಂದಿಗೆಲ್ಲ ಆಗೋವಷ್ಟು ಒಂದೇ ಸಲ ತಟ್ತೀನಿ." ಅವರ ಮಾತನ್ನು ಗ್ರಂಥದ ಭಾಷೆಗೆ ತಿದ್ದದೆ ಹಾಗೇ ಇಟ್ಟರು.

ಫೋಟೊ ವಿಷಯದಲ್ಲಿ ಅವರು ನಮಗೆ ಒಂದು ಶಿಸ್ತು ಕಲಿಸಿದರು. ಹಳೇ ಅಡುಗೆಮನೆ ಒಡೆಯುವ ಮೊದಲು ಬಾಗಿಲಿನಲ್ಲಿ ನಿಂತು, ಎದೆ ಎತ್ತರಕ್ಕೆ ಮೊಬೈಲ್ ಹಿಡಿದು ಫೋಟೊ ತೆಗೆಯಬೇಕು. ಮುಗಿದ ಮೇಲೆ ಅದೇ ಜಾಗದಿಂದ, ಅದೇ ಎತ್ತರದಿಂದ. 0.5x ಲೆನ್ಸ್ ಬೇಡ. ಅದರಲ್ಲಿ ಎಂಟು ಅಡಿ ಕೋಣೆ ಹನ್ನೆರಡು ಅಡಿಯ ಹಾಗೆ ಕಾಣುತ್ತೆ. ಅದನ್ನು ನೋಡಿ ಬಂದವರು ನಿಜವಾದ ಕೋಣೆ ನೋಡಿದಾಗ ಸಪ್ಪಗಾಗ್ತಾರೆ. 'ಮೊದಲಿನ' ಫೋಟೊ ಇಲ್ಲದ ಕೆಲಸವನ್ನು ಅವರು ಸಾಮಾನ್ಯವಾಗಿ ಒಪ್ಪಿಕೊಳ್ಳೋದೇ ಇಲ್ಲ.

ಇನ್ನು ಕಳೆದ ಅಂಕದ ಲೆಕ್ಕ. ಅವರಿಗೆ ಸಾಮಗ್ರಿಗಳ ಜ್ಞಾನ ಕಡಿಮೆ. ಈ ಮನೆಯಲ್ಲಿ ಸಿಂಕ್ ಕೆಳಗಿನ ಬಾಕ್ಸಿಗೆ ಮಾತ್ರ ನೀರನ್ನು ಚೆನ್ನಾಗಿ ತಡೆಯುವ ಬಿಡಬ್ಲ್ಯೂಪಿ ಪ್ಲೈವುಡ್, ಅಂದರೆ ಐಎಸ್ 710 ಗುರುತಿನದ್ದು, ಹಾಕಿದ್ದೆವು. ಉಳಿದ ಕಡೆ ಅದಕ್ಕಿಂತ ಕೆಳಗಿನ ದರ್ಜೆಯ, ಐಎಸ್ 303ರ ಬಿಡಬ್ಲ್ಯೂಆರ್. ಮೊದಲ ಕರಡಿನಲ್ಲಿ 'ಪೂರ್ತಿ ವಾಟರ್‌ಪ್ರೂಫ್ ಪ್ಲೈ' ಅಂತ ಬಂದಿತ್ತು. ಅದು ಹಾಗೇ ಹೊರಗೆ ಹೋಗಿದ್ದರೆ ಮುಂದಿನ ಗ್ರಾಹಕರು ಅದೇ ಹಾಳೆ ಹಿಡಿದು ಅದೇ ಬೆಲೆಗೆ ಎಲ್ಲಾ ಕಡೆ 710 ಕೇಳುತ್ತಿದ್ದರು. ಕೇಳೋದು ನ್ಯಾಯವೂ ಹೌದು. ಹಾಗಾಗಿ ಪ್ರತಿ ಕರಡನ್ನೂ ನಮ್ಮ ಸೈಟ್ ಸೂಪರ್‌ವೈಸರ್ ಬಿಲ್ಲುಗಳ ಪಕ್ಕ ಇಟ್ಟುಕೊಂಡು ಓದಲೇಬೇಕು. ಅದಕ್ಕೆ ಅರ್ಧ ದಿನ ಬೇಕು. ಕರಡು ಬರೋದೂ ಹೇಳಿದ ದಿನಕ್ಕಿಂತ ತಡವಾಗುತ್ತೆ, ಮದುವೆ ಸೀಸನ್ನಿನಲ್ಲಂತೂ ಇನ್ನೂ ಜಾಸ್ತಿ.

ಖರ್ಚು ಬರೆಯಬೇಕೋ ಬೇಡವೋ ಅನ್ನೋದರ ಮೇಲೆ ನಮ್ಮ ಮಧ್ಯೆ ಜೋರು ಚರ್ಚೆಯೇ ಆಯಿತು. ಈಗ ಒಂದು ಅಂದಾಜು ವ್ಯಾಪ್ತಿ ಕೊಡ್ತೀವಿ. ಅದರಲ್ಲಿ ಏನು ಸೇರಿದೆ, ಏನು ಸೇರಿಲ್ಲ, ಜಿಎಸ್‌ಟಿ ಒಳಗೋ ಹೊರಗೋ ಅಂತ ಒಂದು ಸಾಲು ಇರುತ್ತೆ. ಪಕ್ಕದಲ್ಲಿ ತಿಂಗಳು, ವರ್ಷ ಹಾಕ್ತೀವಿ. ಪ್ಲೈ, ಹಾರ್ಡ್‌ವೇರ್ ದರ ಏರಿದ ಮೇಲೆ ಹಳೇ ಅಂಕಿ ಹಿಡಿದು ಯಾರೂ ಜಗಳಕ್ಕೆ ಬರಬಾರದಲ್ಲ.

ಫಲ ಏನು? ಫೋನ್‌ಗಳ ಸಂಖ್ಯೆ ಹೆಚ್ಚಿಲ್ಲ. ಅದನ್ನು ಬಯಸುವವರು ಇದಕ್ಕೆ ದುಡ್ಡು ಹಾಕಬೇಡಿ. ಬದಲಾಗಿರೋದು ಪ್ರಶ್ನೆಗಳು. "ನಮ್ಮತ್ತೆಯವರೂ ಗಿಡ್ಡ ಇದ್ದಾರೆ, ಆ ತಗ್ಗು ಕಟ್ಟೆ ನಮ್ಮನೇಲಿ ಕೂರುತ್ತಾ?" ಅಂತ ಹರಿಹರದಿಂದ ಒಬ್ಬರು ಕೇಳಿದರು. ಹೀಗೆ ಮಾತು ಶುರುವಾದರೆ ಮೊದಲ ಭೇಟಿಯಲ್ಲೇ ಟೇಪ್ ಹಿಡಿದು ಅಳತೆಗೆ ಇಳಿಯಬಹುದು. ಕೊಟೇಶನ್ ತಗೊಂಡು ನಾಲ್ಕು ಕಡೆ ಅಲೆಯುವವರು ಇವರಲ್ಲಿ ಕಡಿಮೆ.

ಬಾಡಿಗೆ ಮನೆಗೆ ಒಂದು ವಾರ್ಡ್‌ರೋಬ್, ಟಿವಿ ಯೂನಿಟ್ ಮಾಡಿಕೊಟ್ಟ ಕೆಲಸಕ್ಕೆ ಈ ಸೇವೆ ಸುಮ್ನೆ ದಂಡ. ಅಲ್ಲಿ ಹೇಳಲು ತೊಡಕೇ ಇರಲ್ಲ, ಎರಡು ಫೋಟೊ ಸಾಕು.

ಈ ಸೇವೆ ತೆಗೆದುಕೊಳ್ಳುವವರು ಒಂದನ್ನು ಮೊದಲೇ ಮಾಡಿಕೊಳ್ಳಿ. ಕೆಲಸದ ಕರಾರಿಗೆ ಸಹಿ ಹಾಕಿಸುವಾಗಲೇ ಫೋಟೊ ಮತ್ತು ಮಾತು ಬಳಸಲು ಬರಹದಲ್ಲಿ ಒಪ್ಪಿಗೆ ಕೇಳಿ. ಮನೆಯವರು ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಒಪ್ಪಿದರೂ ಹೆಸರು, ಮನೆ ನಂಬರ್, ಬೀರು, ದೇವರಮನೆಯ ಬೆಳ್ಳಿ ಸಾಮಾನು ಚಿತ್ರದಲ್ಲಿ ಬರದ ಹಾಗೆ ನೋಡಿಕೊಳ್ಳಿ. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ ಫೋಟೊ ತೆಗೆಯಿರಿ. ಪ್ರಕಟಿಸುವ ಮುಂಚೆ ಪೂರ್ತಿ ಬರಹವನ್ನು ಮನೆಯವರಿಗೆ ಓದಿ ಹೇಳಿ. ಪಿ.ಜೆ. ಬಡಾವಣೆಯ ಆ ಅತ್ತೆಯವರು ತಮ್ಮ ವಯಸ್ಸನ್ನು ಮಾತ್ರ ತೆಗೆಸಿದರು. ಉಳಿದದ್ದೆಲ್ಲ ಹಾಗೇ ಇರಲಿ ಅಂದರು.