8 ಜಿಬಿ ಲ್ಯಾಪ್‌ಟಾಪಿನಲ್ಲಿ ಲಾಮಾ: 3ಬಿ ಮೇಲೋ, 8ಬಿ ಮೇಲೋ?

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ನಾಲ್ಕು ಕೋರ್‌ಗಳ, ಒಂದೇ ಚಾನೆಲ್‌ನಲ್ಲಿ 8 ಜಿಬಿ ಡಿಡಿಆರ್4-3200 ಮೆಮೊರಿ ಇರುವ ಲ್ಯಾಪ್‌ಟಾಪಿನಲ್ಲಿ llama.cpp ಬಳಸಿ ಮೆಟಾದ ಎರಡು ಲಾಮಾ ಭಾಷಾ ಮಾದರಿಗಳನ್ನು ಹೋಲಿಸಿದ್ದೇನೆ. ಒಂದು, ತೂಕಗಳನ್ನು ಎಂಟು ಬಿಟ್‌ಗೆ ಇಳಿಸಿದ Q8_0 ರೂಪದ ಲಾಮಾ 3.2ರ 3ಬಿ; ಇದರ ಕಡತ ಸುಮಾರು 3.4 ಜಿಬಿ. ಇನ್ನೊಂದು, ನಾಲ್ಕು ಬಿಟ್‌ನ ಆಸುಪಾಸಿಗೆ ಇಳಿಸಿದ Q4_K_M ರೂಪದ ಲಾಮಾ 3.1ರ 8ಬಿ, ಇದು ಸುಮಾರು 4.9 ಜಿಬಿ.

ಪ್ರತಿ ಟೋಕನ್, ಅಂದರೆ ಪದ ಅಥವಾ ಪದದ ಚೂರು, ಹೊರಬರುವಾಗಲೂ ಮಾದರಿಯ ತೂಕಗಳೆಲ್ಲವನ್ನೂ ಮೆಮೊರಿಯಿಂದ ಒಮ್ಮೆ ಓದಬೇಕಾಗುವುದರಿಂದ, ವೇಗವನ್ನು ನಿರ್ಧರಿಸುವುದು ಪ್ರೊಸೆಸರ್‌ಗಿಂತ ಹೆಚ್ಚಾಗಿ ಮೆಮೊರಿಯೇ. ಈ ಯಂತ್ರದ ಮೆಮೊರಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸಬಲ್ಲದು. ಅದನ್ನು ಕಡತದ ಗಾತ್ರದಿಂದ ಭಾಗಿಸಿದರೆ 8ಬಿಗೆ ಸೆಕೆಂಡಿಗೆ ಸುಮಾರು 5 ಟೋಕನ್, 3ಬಿಗೆ ಸುಮಾರು 7.5 ಟೋಕನ್ ಎಂಬ ಮಿತಿ ಸಿಗುತ್ತದೆ. ನನಗೆ ದೊರೆತದ್ದು ಕ್ರಮವಾಗಿ 4 ಮತ್ತು 6ರ ಆಸುಪಾಸು. ಥ್ರೆಡ್‌ಗಳನ್ನು ನಾಲ್ಕರಿಂದ ಎಂಟಕ್ಕೆ ಏರಿಸಿದರೂ ವೇಗ ಹೆಚ್ಚಲಿಲ್ಲ.

ಗುಣದಲ್ಲಿ ಮಾತ್ರ 8ಬಿ ಸ್ಪಷ್ಟವಾಗಿ ಮುಂದಿದೆ. ಇಂಗ್ಲಿಷ್ ವರದಿಯೊಂದರಿಂದ ದಿನಾಂಕ ಮತ್ತು ಮೊತ್ತಗಳನ್ನಷ್ಟೇ ಆರಿಸಿಕೊಡಲು ಹೇಳಿದಾಗ 3ಬಿ ಕೇಳದ ವಿವರಣೆಗಳನ್ನೂ ಸೇರಿಸುತ್ತಿತ್ತು. ನಾಲ್ಕು ಬಿಟ್‌ಗೆ ಇಳಿದಿದ್ದರೂ 8ಬಿ ಸೂಚನೆಗೆ ಬದ್ಧವಾಗಿತ್ತು. ಆದರೆ ಇನ್ನೂ ಇಳಿಸುವುದು ಸಲ್ಲದು: 3.2 ಜಿಬಿಯ Q2_K ರೂಪದಲ್ಲಿ ಅದೇ 8ಬಿ ಅಂಕಿಗಳನ್ನು ಅದಲುಬದಲು ಮಾಡಿತು.

ಹೆಚ್ಚು ಯೋಚಿಸಬೇಕಾದದ್ದು ಕಾಂಟೆಕ್ಸ್ಟ್, ಅಂದರೆ ಮಾದರಿ ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳುವ ಪಠ್ಯದ ಗಾತ್ರದ ಬಗ್ಗೆ. 8ಬಿ ಪ್ರತಿ ಟೋಕನ್ನಿಗೆ 128 ಕೆಬಿ ಕೆವಿ ಕ್ಯಾಶ್, ಅಂದರೆ ಹಿಂದಿನ ಟೋಕನ್‌ಗಳ ಲೆಕ್ಕ ಇಟ್ಟುಕೊಳ್ಳುವ ಮೆಮೊರಿ ಬೇಡುತ್ತದೆ. ಆದ್ದರಿಂದ 4096 ಟೋಕನ್‌ಗಳಿಗೆ ಅರ್ಧ ಜಿಬಿ ಸಾಕು. ಆದರೆ `-c 0` ಕೊಟ್ಟು ಮಾದರಿಯ ಪೂರ್ಣ 131072 ಟೋಕನ್‌ಗಳನ್ನು ಕೇಳಿದರೆ ಕ್ಯಾಶ್ ಒಂದಕ್ಕೇ 16 ಜಿಬಿ ಬೇಕು. ಚಿಕ್ಕ ಮಾದರಿ ಆರಿಸಿದರೆ ಇಲ್ಲಿ ದೊಡ್ಡ ಉಳಿತಾಯವಾದೀತೆಂಬ ಎಣಿಕೆಯೂ ಸರಿಯಲ್ಲ, ಏಕೆಂದರೆ 3ಬಿಗೂ ಪ್ರತಿ ಟೋಕನ್ನಿಗೆ 112 ಕೆಬಿ ಬೇಕು. ಕನ್ನಡ ಪಠ್ಯ ಕೊಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು: ಲಾಮಾದ ಟೋಕನೈಜರ್ ಕನ್ನಡ ಪದವನ್ನು ಅನೇಕ ಚೂರುಗಳಾಗಿ ಒಡೆಯುವುದರಿಂದ ಅಷ್ಟೇ ಉದ್ದದ ಇಂಗ್ಲಿಷ್ ಬರಹಕ್ಕಿಂತ ಕನ್ನಡ ಬರಹ ಬಹಳ ಬೇಗ ಕಾಂಟೆಕ್ಸ್ಟನ್ನು ತುಂಬುತ್ತದೆ, ಉತ್ತರವೂ ನಿಧಾನವಾಗಿ ಮೂಡುತ್ತದೆ.

```
./llama-cli -m Meta-Llama-3.1-8B-Instruct-Q4_K_M.gguf -c 4096 -t 4
```

ಈ ಆಜ್ಞೆಯಲ್ಲಿ 8ಬಿಗೆ ಸುಮಾರು 5.4 ಜಿಬಿ ಬೇಕಾಗುತ್ತದೆ. ಬ್ರೌಸರ್ ಮುಚ್ಚಿದ್ದರೆ ಅದು ನೆಮ್ಮದಿಯಾಗಿ ಓಡುತ್ತದೆ. ಹತ್ತಾರು ಪುಟಗಳನ್ನು ತೆರೆದರೆ ಕಾರ್ಯಾಚರಣಾ ವ್ಯವಸ್ಥೆ ಮಾದರಿಯ ಭಾಗಗಳನ್ನು ಮೆಮೊರಿಯಿಂದ ಹೊರಹಾಕಿ ಮತ್ತೆ ಮತ್ತೆ ಡಿಸ್ಕಿನಿಂದ ಓದತೊಡಗುತ್ತದೆ. ಉತ್ತರ ಬರುತ್ತಿರುವಾಗ ಡಿಸ್ಕ್ ಓದು ನಿಲ್ಲದೆ ಸಾಗಿ, ಪ್ರೊಸೆಸರ್ ಬಳಕೆ ಕುಸಿದಿದ್ದರೆ ಹೀಗಾಗಿದೆಯೆಂದು ತಿಳಿಯಬಹುದು. ಬೇರೆ ಕೆಲಸಗಳ ನಡುವೆ ಮಾದರಿಯನ್ನು ಸದಾ ತೆರೆದಿಡಬೇಕಾದವರಿಗೆ 3ಬಿ ಸರಿ; ಯಂತ್ರವನ್ನು ಇದೊಂದಕ್ಕೇ ಬಿಟ್ಟುಕೊಡಬಲ್ಲವರಿಗೆ ನಾನು ಹೇಳುವುದು 8ಬಿಯನ್ನೇ.