ಸಪ್ಲೈಯರ್ ಸ್ಟೇಟ್‌ಮೆಂಟ್ ತಾಳೆ ನೋಡಲು ಪೆನ್ನು, ಎಕ್ಸೆಲ್, ಟ್ಯಾಲಿ: ಯಾವುದು ಒಳ್ಳೆಯದು?

ಪೌಡರ್ ಕೋಟಿಂಗ್ ಮಾಡಿಕೊಡುವ ಒಬ್ಬ ಸಪ್ಲೈಯರ್ ಲೆಕ್ಕ ಇದು. ಅವರ ಸ್ಟೇಟ್‌ಮೆಂಟ್ ಪ್ರಕಾರ ನಾವು ಕೊಡಬೇಕಾದದ್ದು ₹4,86,200. ನಮ್ಮ ಪುಸ್ತಕದಲ್ಲಿ ₹4,38,040. ವ್ಯತ್ಯಾಸ ₹48,160. ಇದನ್ನೇ ಮೂರು ರೀತಿಯಲ್ಲಿ ತಾಳೆ ನೋಡಿದೆ.

ಮೊದಲು ಎರಡೂ ಪ್ರಿಂಟ್ ತೆಗೆದು, ಪೆನ್ನಿನಿಂದ ಟಿಕ್ ಹಾಕಿದೆ. ಒಂದು ಪುಟದ ಲೆಕ್ಕಕ್ಕೆ ಇದಕ್ಕಿಂತ ಬೇಗ ಆಗೋದು ಯಾವುದೂ ಇಲ್ಲ. ಪುಟ ಜಾಸ್ತಿಯಾದರೆ ಕಣ್ಣು ಬಿಲ್ ನಂಬರ್ ಬಿಟ್ಟು ಮೊತ್ತ ಮಾತ್ರ ನೋಡುತ್ತದೆ. ಜಾಬ್ ವರ್ಕ್‌ನಲ್ಲಿ ತಿಂಗಳು ತಿಂಗಳೂ ಒಂದೇ ಮೊತ್ತದ ಬಿಲ್ ಬರೋದು ಮಾಮೂಲಿ ಅಲ್ವಾ, ಹಾಗಾಗಿ ಜೂನ್ ಬಿಲ್ಲಿನ ಟಿಕ್ ಜುಲೈ ಬಿಲ್ ಮೇಲೆ ಬೀಳುತ್ತದೆ.

ಎಕ್ಸೆಲ್‌ನಲ್ಲಿ ಬಹಳ ಜನ VLOOKUP ಹಾಕುತ್ತಾರೆ. ನನಗೆ SUMIFS ಮೇಲು ಅನ್ನಿಸಿತು. ನಮ್ಮ ಲೆಕ್ಕದ ಶೀಟ್‌ಗೆ Tally ಅಂತ ಹೆಸರಿಟ್ಟು, ಎರಡೂ ಶೀಟ್‌ನಲ್ಲಿ ಬಿಲ್ ನಂಬರ್ A ಕಾಲಂನಲ್ಲಿ, ಮೊತ್ತ C ಕಾಲಂನಲ್ಲಿ ಇಟ್ಟು, ಸಪ್ಲೈಯರ್ ಶೀಟ್‌ನಲ್ಲಿ ಹೀಗೆ ಬರೆಯಬೇಕು:

```
=SUMIFS(Tally!C:C,Tally!A:A,A2)-C2
```

ಸೊನ್ನೆ ಬಂದರೆ ಸರಿ. ಮೈನಸ್‌ನಲ್ಲಿ ಪೂರ್ತಿ ಮೊತ್ತ ಬಂದರೆ ಆ ಬಿಲ್ ನಮ್ಮಲ್ಲಿ ಎಂಟ್ರಿ ಆಗಿಲ್ಲ. ಒಂದೇ ಬಿಲ್ ನಾವು ಎರಡು ಸಲ ಹಾಕಿದ್ದರೆ ಪ್ಲಸ್‌ನಲ್ಲಿ ಬರುತ್ತದೆ. VLOOKUP ಮೊದಲ ಎಂಟ್ರಿ ಸಿಕ್ಕ ಕೂಡಲೇ ನಿಲ್ಲುವುದರಿಂದ ಈ ತಪ್ಪು ಅದಕ್ಕೆ ಕಾಣೋದೇ ಇಲ್ಲ. ಆದರೆ ಅವರು JW/25-26/187 ಅಂತ ಬರೆದು, ನಾವು ಬರೀ 187 ಹಾಕಿದ್ದರೆ ಮೊದಲು ಎರಡನ್ನೂ ಒಂದೇ ತರ ಮಾಡಿಕೊಳ್ಳಬೇಕು. ಇದೇ ಸೂತ್ರವನ್ನು ನಮ್ಮ ಶೀಟ್‌ನಲ್ಲೂ ತಿರುಗಿಸಿ ಹಾಕಲೇಬೇಕು. ಇಲ್ಲದಿದ್ದರೆ ನಮ್ಮಲ್ಲಿ ಇದ್ದು ಅವರಲ್ಲಿ ಇಲ್ಲದ್ದು ಸಿಗುವುದಿಲ್ಲ. ಈ ಲೆಕ್ಕದಲ್ಲಿ ₹35,400ರ ಬಿಲ್ ಮೊದಲ ಸಲಕ್ಕೇ ಸಿಕ್ಕಿತು. ರಿಜೆಕ್ಷನ್‌ಗೆ ನಾವು ಹಾಕಿದ್ದ ₹11,800ರ ಡೆಬಿಟ್ ನೋಟ್ ಸಿಕ್ಕಿದ್ದು ತಿರುಗಿಸಿ ನೋಡಿದಾಗ.

ಇನ್ನು ಉಳಿದದ್ದು ₹960. ಇದರ ಕಾರಣ ಚೆನ್ನಾಗಿ ತೋರಿಸಿದ್ದು ಟ್ಯಾಲಿಯ ಲೆಡ್ಜರ್ ಔಟ್‌ಸ್ಟ್ಯಾಂಡಿಂಗ್. ಸಪ್ಲೈಯರ್ ಹತ್ತಿರ ಪೂರ್ತಿ ಖಾತೆಯ ಬದಲು ಬಾಕಿ ಬಿಲ್‌ಗಳ ಪಟ್ಟಿ ಕೇಳಿ, ಪಕ್ಕದಲ್ಲಿ ಇಟ್ಟುಕೊಂಡೆ. ನಮ್ಮಲ್ಲಿ ಮುಗಿದುಹೋದ ಒಂದು ಬಿಲ್, ಅವರಲ್ಲಿ ₹960 ಬಾಕಿ ಅಂತ ನಿಂತಿತ್ತು. ಆ ಬಿಲ್ಲಿನ ಕೂಲಿ ₹48,000, ಅದರ ಶೇ. 2 ಟಿಡಿಎಸ್ ಸರಿಯಾಗಿ 960. ಅವರು ಅದನ್ನು ಎಂಟ್ರಿ ಮಾಡಿರಲಿಲ್ಲ. ಆದರೆ ಪೇಮೆಂಟ್‌ಗಳನ್ನು ಬಿಲ್ ಎದುರಿಗೆ ಹಾಕದೆ ಸುಮ್ನೆ 'ಆನ್ ಅಕೌಂಟ್' ಅಂತ ಬಿಟ್ಟಿದ್ದರೆ ಈ ದಾರಿ ಕೆಲಸಕ್ಕೆ ಬರಲ್ಲ. ಕೊಟ್ಟು ಮುಗಿದ ಬಿಲ್ಲೂ ಬಾಕಿ ಅಂತಲೇ ತೋರಿಸುತ್ತದೆ.

ಬಿಲ್‌ವಾರು ಎಂಟ್ರಿ ಶಿಸ್ತಾಗಿ ಇದ್ದರೆ ನನ್ನ ಆಯ್ಕೆ ಟ್ಯಾಲಿ, ಇಲ್ಲದಿದ್ದರೆ SUMIFS. ₹35,400ರ ಬಿಲ್ಲನ್ನು ಮಾಲು ಬಂದ ಚಲನ್ ನೋಡಿಯೇ ನಾವು ಹಾಕಿದೆವು. ಡೆಬಿಟ್ ನೋಟ್ ಪ್ರತಿ, ಟಿಡಿಎಸ್ ಸರ್ಟಿಫಿಕೇಟ್ ಅವರಿಗೆ ಕಳಿಸಿದೆವು. ಅವರೂ ಎಂಟ್ರಿ ಮಾಡಿದ ಮೇಲೆ ಎರಡೂ ಕಡೆ ₹4,73,440 ಬಂತು.